ಮಂಡಕ್ಕಿ ಭಟ್ಟಿ ಕಾರ್ಮಿಕರ ಉಸಿರಾಟ ಪರೀಕ್ಷೆ: ಎಥಿಕ್ಸ್ ಅರ್ಜಿಯಲ್ಲಿ ಅಪಾಯದ ಭಾಗ ಹೇಗೆ ಬರೆಯೋದು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಕಮ್ಯುನಿಟಿ ಮೆಡಿಸಿನ್ ಪಿಜಿ ಮಾಡುತ್ತಿದ್ದೇನೆ. ನನ್ನ ಥೀಸಿಸ್ ಇಲ್ಲಿನ ಮಂಡಕ್ಕಿ ಭಟ್ಟಿಗಳಲ್ಲಿ ಕೆಲಸ ಮಾಡುವವರ ಶ್ವಾಸಕೋಶದ ಬಗ್ಗೆ. 18 ವರ್ಷ ದಾಟಿದವರನ್ನು ಮಾತ್ರ ಸೇರಿಸಿಕೊಳ್ಳುತ್ತೇವೆ. ಮೊದಲು ಕೆಲಸ, ಹೊಗೆ, ಬೀಡಿ, ಕೆಮ್ಮು, ಕೂಲಿ, ಸಾಲ ಇವುಗಳ ಬಗ್ಗೆ ಪ್ರಶ್ನೆ. ಆಮೇಲೆ ಸ್ಪೈರೋಮೆಟ್ರಿ, ಅಂದರೆ ಯಂತ್ರಕ್ಕೆ ಜೋರಾಗಿ ಊದಿಸಿ ಉಸಿರಾಟ ಅಳೆಯುವ ಪರೀಕ್ಷೆ. ಒಂದು ಸಲ ಊದಿಸಿ, ಸಾಲ್ಬುಟಮಾಲ್ ಇನ್ಹೇಲರ್ ಕೊಟ್ಟು, ಕಾಲು ಗಂಟೆ ಬಿಟ್ಟು ಮತ್ತೆ ಊದಿಸುತ್ತೇವೆ. ರಕ್ತ ತೆಗೆಯುವುದಿಲ್ಲ.

ಮೊದಲು ಸಲ್ಲಿಸಿದ ಅರ್ಜಿಯಲ್ಲಿ ಅಪಾಯದ ಭಾಗ ಎರಡೇ ಸಾಲು ಇತ್ತು: "ಈ ಅಧ್ಯಯನದಿಂದ ಯಾವುದೇ ಅಪಾಯವಿಲ್ಲ. ಎಲ್ಲ ಮಾಹಿತಿಯನ್ನು ಸಂಪೂರ್ಣ ಗೌಪ್ಯವಾಗಿ ಇಡಲಾಗುವುದು." ಎಥಿಕ್ಸ್ ಕಮಿಟಿಯವರು "ಅಪಾಯವನ್ನು ಸರಿಯಾಗಿ ವಿವರಿಸಿಲ್ಲ" ಅಂತ ವಾಪಸ್ ಕಳಿಸಿದರು.

ಎರಡನೇ ಸಲ ಹೀಗೆ ಬರೆದಿದ್ದೇವೆ: "ಭಾಗವಹಿಸುವವರಿಗೆ ತಲೆಸುತ್ತು, ಪ್ರಜ್ಞೆ ತಪ್ಪುವುದು, ಎದೆನೋವು, ಶ್ವಾಸಕೋಶಕ್ಕೆ ತೂತು ಬೀಳುವುದು, ಹೃದಯಾಘಾತ, ಸೋಂಕು, ಮಾನಸಿಕ ಆಘಾತ, ಉದ್ಯೋಗ ನಷ್ಟ ಮುಂತಾದ ಅಪಾಯಗಳು ಉಂಟಾಗಬಹುದು." ಇದನ್ನು ಓದಿದ ಗೈಡ್, ಇದನ್ನು ಕನ್ನಡದಲ್ಲಿ ಓದಿ ಹೇಳಿದರೆ ಒಬ್ಬರೂ ಸಹಿ ಹಾಕಲ್ಲ ಅಂದರು. ಅವರು ಹೇಳೋದೂ ನಿಜವೇ. ಮುಂದಿನ ಮೀಟಿಂಗ್ ಹತ್ತಿರ ಬಂದಿದೆ. ಈ ಎರಡರ ನಡುವೆ ಹೇಗೆ ಬರೆಯಬೇಕು?

ಹರಿಹರದವ

ಇದಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ಸ್ಪೈರೋಮೆಟ್ರಿ ದಿನಾ ಒಪಿಡಿಯಲ್ಲಿ ಮಾಡೋ ಟೆಸ್ಟ್. ಐಸಿಎಂಆರ್ 2017ರ ಮಾರ್ಗಸೂಚಿ ಪ್ರಕಾರ ಮಾಮೂಲಿ ಪರೀಕ್ಷೆಗಳು 'ಮಿನಿಮಲ್ ರಿಸ್ಕ್' ಅಡಿ ಬರುತ್ತವೆ. "ಕನಿಷ್ಠ ಅಪಾಯ" ಅಂತ ಬರೆದು, ಕೆಳಗೆ "ಪರೀಕ್ಷೆಯಿಂದ ಏನಾದರೂ ತೊಂದರೆಯಾದರೆ ಸಂಸ್ಥೆ ಜವಾಬ್ದಾರಿಯಲ್ಲ" ಅಂತ ಒಂದು ಸಾಲು ಹಾಕಿಬಿಡಿ. ನಿಮಗೂ ಸೇಫ್.

ಕೋಟೆಊರಿನ ಮೇಷ್ಟ್ರು

ಚಿತ್ರದುರ್ಗದಿಂದ. ನಾನು ಕೆಲವು ವರ್ಷಗಳಿಂದ ಎಥಿಕ್ಸ್ ಕಮಿಟಿಯಲ್ಲಿ ಕೂರುತ್ತಿದ್ದೇನೆ. ಇಂಥ ಅರ್ಜಿ ತುಂಬ ನೋಡಿದ್ದೇನೆ.

ಹರಿಹರದವರೇ, ಮೊದಲ ಮಾತಿನಲ್ಲಿ ಅರ್ಧ ಸರಿ ಇದೆ. ಆದರೆ "ಜವಾಬ್ದಾರಿಯಲ್ಲ" ಅನ್ನೋ ಸಾಲನ್ನು ಮಾತ್ರ ದಯವಿಟ್ಟು ಹಾಕಿಸಬೇಡಿ. ಸಂಶೋಧನೆಯಿಂದಲೇ ಯಾರಿಗಾದರೂ ಹಾನಿಯಾದರೆ ಅವರಿಗೆ ಉಚಿತ ಚಿಕಿತ್ಸೆ ಕೊಡಬೇಕು, ಪರಿಹಾರ ಕೇಳುವ ಹಕ್ಕೂ ಅವರಿಗಿದೆ. ಆ ಹಕ್ಕನ್ನು ಬಿಟ್ಟುಕೊಡುವಂಥ ಮಾತು ಒಪ್ಪಿಗೆ ಪತ್ರದಲ್ಲಿ ಇರುವ ಹಾಗಿಲ್ಲ. ಆ ಒಂದು ಸಾಲು ಕಂಡರೆ ಸಾಕು, ಅರ್ಜಿ ಮತ್ತೆ ವಾಪಸ್.

ತುಂಗಾತೀರ ಅವರೇ, ನಿಮ್ಮ ಎರಡು ಆವೃತ್ತಿಯಲ್ಲೂ ಇರೋದು ಒಂದೇ ಕೊರತೆ. ಮೊದಲನೆಯದು ಏನನ್ನೂ ಹೇಳಲ್ಲ. ಎರಡನೆಯದು ಎಲ್ಲವನ್ನೂ ಒಂದೇ ಸಾಲಿಗೆ ತುಂಬಿ, ಯಾವುದು ಆಗುವಂಥದ್ದು, ಯಾವುದು ಆಗೋದೇ ಕಷ್ಟ ಅನ್ನೋದನ್ನು ಹೇಳಲ್ಲ. ತಲೆಸುತ್ತು ಮತ್ತು ಹೃದಯಾಘಾತ ಅಕ್ಕಪಕ್ಕ ಕೂತರೆ ಓದುವವರಿಗೆ ಎರಡೂ ಒಂದೇ ತೂಕದವು ಅನ್ನಿಸುತ್ತದೆ. ಪಟ್ಟಿ ಬಿಡಿ. ಒಂದೊಂದನ್ನೂ ಪೂರ್ತಿ ವಾಕ್ಯದಲ್ಲಿ ಬರೆಯಿರಿ. ಏನಾಗಬಹುದು, ಯಾರಿಗೆ, ಎಷ್ಟು ಹೊತ್ತು ಇರುತ್ತದೆ, ನೀವೇನು ಮಾಡುತ್ತೀರಿ, ಅಷ್ಟು ಮಾಡಿದ ಮೇಲೂ ಏನು ಉಳಿಯುತ್ತದೆ. ಆ ಕೊನೆಯದನ್ನು ಯಾರೂ ಬರೆಯಲ್ಲ. ಕಮಿಟಿ ಹುಡುಕೋದು ಅದನ್ನೇ.

ಹೃದಯಾಘಾತದ ವಿಷಯವನ್ನೇ ತಗೊಳ್ಳಿ. ಇತ್ತೀಚೆಗೆ ಹೃದಯಾಘಾತ ಆದವರು, ಕಣ್ಣು, ಎದೆ, ಹೊಟ್ಟೆಯ ಆಪರೇಷನ್ ಆದವರು, ಕಫದಲ್ಲಿ ರಕ್ತ ಬರುತ್ತಿರುವವರು, ಇವರನ್ನು ನೀವು ಊದಿಸುತ್ತೀರಾ? ಇಲ್ಲ ಅಲ್ವಾ? ಹಾಗಾದರೆ ಅದನ್ನು ಬರೆಯಿರಿ. ಅಂಥವರನ್ನು ಮೊದಲೇ ಕೇಳಿ ಬಿಟ್ಟ ಮೇಲೆ ಉಳಿದವರ ಅಪಾಯವೇ ಬೇರೆ. ನೀವು ಬರೆಯಬೇಕಾದ್ದು ಆ ಉಳಿದವರ ಅಪಾಯ.

ಊದಿ_ಊದಿ

ನಾನು ಪಿಎಫ್‌ಟಿ, ಅಂದರೆ ಶ್ವಾಸಕೋಶ ಪರೀಕ್ಷೆಯ ಲ್ಯಾಬಲ್ಲಿ ಟೆಕ್ನಿಷಿಯನ್. ಮೇಷ್ಟ್ರು ಹೇಳಿದ್ದಕ್ಕೆ ಒಂದೆರಡು ಮಾತು ಸೇರಿಸುತ್ತೇನೆ.

ಸರಿಯಾದ ಮೂರು ಊದು ಸಿಗಬೇಕು. ದೊಡ್ಡವರಿಗೆ ಎಂಟರ ತನಕ ಪ್ರಯತ್ನ ಮಾಡಿಸಬಹುದು. ಮೊದಲ ಸಲ ಮಾಡುವವರು ನಾಲ್ಕೈದಕ್ಕೇ ಸುಸ್ತಾಗುತ್ತಾರೆ. ಕೆಮ್ಮು ಬರುತ್ತದೆ, ಕಣ್ಣು ಕತ್ತಲೆ ಬಂದ ಹಾಗೆ ಆಗುತ್ತದೆ. ಕೂತು ಮಾಮೂಲಿಯಾಗಿ ಉಸಿರಾಡಿದರೆ ಒಂದೆರಡು ನಿಮಿಷದಲ್ಲಿ ಸರಿಹೋಗುತ್ತದೆ. ಪ್ರಜ್ಞೆ ತಪ್ಪಿ ಬೀಳೋದು ಅಪರೂಪ, ಆದರೆ ಆಗುತ್ತದೆ. ಅದಕ್ಕೇ ನಿಲ್ಲಿಸಿ ಊದಿಸಬಾರದು. ಕೈ ಇರುವ ಕುರ್ಚಿ ಬೇಕು, ಗಾಲಿ ಇರಬಾರದು. ಪ್ರತಿಯೊಬ್ಬರಿಗೂ ಹೊಸ ಫಿಲ್ಟರ್, ಹೊಸ ಮೌತ್‌ಪೀಸ್. ಇದನ್ನು ಬರೆದರೆ ಸೋಂಕಿನ ವಿಷಯ ಅಲ್ಲಿಗೇ ಮುಗಿಯುತ್ತದೆ.

ಸಾಲ್ಬುಟಮಾಲ್ ನಾಲ್ಕು ಪಫ್, ಅಂದರೆ 400 ಮೈಕ್ರೋಗ್ರಾಂ, ಕೊಡ್ತೀರಲ್ಲ. ಕೆಲವರಿಗೆ ಕೈ ಸಣ್ಣಗೆ ನಡುಗುತ್ತದೆ, ಎದೆ ಡವಡವ ಅನ್ನುತ್ತದೆ. ನಿಮ್ಮ ಎರಡೂ ಆವೃತ್ತಿಯಲ್ಲಿ ಇದೇ ಇಲ್ಲ! ಹೃದಯಾಘಾತ ಬರೆದು ಕೈ ನಡುಕ ಬಿಟ್ಟಿದ್ದೀರಿ.

ಇನ್ನೊಂದು ಮಾತು, ಯಾರೂ ಬರೆಯಲ್ಲ. ಹೆರಿಗೆಯಾದ ಹೆಂಗಸರಿಗೆ, ವಯಸ್ಸಾದವರಿಗೆ, ಜೋರಾಗಿ ಊದುವಾಗ ಒಂದೆರಡು ಹನಿ ಮೂತ್ರ ಹೋಗಬಹುದು. ಅವರು ಹೇಳಿಕೊಳ್ಳಲ್ಲ. ಸುಮ್ನೆ ಅರ್ಧಕ್ಕೆ ಊದೋದು ನಿಲ್ಲಿಸಿಬಿಡುತ್ತಾರೆ. ನಾವು "ಸರಿಯಾಗಿ ಊದ್ತಿಲ್ಲ" ಅಂತ ಗದರುತ್ತೇವೆ. ಊದುವ ಮುಂಚೆ ಶೌಚಾಲಯಕ್ಕೆ ಹೋಗಿ ಬನ್ನಿ ಅಂತ ಹೇಳೋದು, ಹೆಂಗಸರಿಗೆ ಹೆಂಗಸರೇ ಪರೀಕ್ಷೆ ಮಾಡೋದು, ಇಷ್ಟು ಬರೆದರೆ ಸಾಕು.

ಜಗಳೂರು ಟೀಚರ್

ನಾನು ಪಿಎಚ್‌ಡಿಗೆ ಶಿಕ್ಷಕರ ಕೆಲಸದ ಒತ್ತಡದ ಬಗ್ಗೆ ಗೂಗಲ್ ಫಾರ್ಮ್‌ನಲ್ಲಿ ಪ್ರಶ್ನಾವಳಿ ಮಾಡುತ್ತಿದ್ದೇನೆ. ಹೆಸರು ಕೇಳ್ತಿಲ್ಲ. ನನಗೂ ಎಥಿಕ್ಸ್ ಅನುಮತಿ ಬೇಕಾ? ಈ ಅಪಾಯದ ಭಾಗಕ್ಕೆ ರೆಡಿ ಇರುವ ಮಾದರಿ ಇದ್ದರೆ ಯಾರಾದರೂ ಕಳಿಸಿ.

ಕೋಟೆಊರಿನ ಮೇಷ್ಟ್ರು

ಟೀಚರ್, ಅನುಮತಿ ಬೇಕಾ ಅನ್ನೋದನ್ನು ನಿಮ್ಮ ವಿಶ್ವವಿದ್ಯಾಲಯದ ಕಮಿಟಿಯೇ ಹೇಳಬೇಕು. ನೀವೇ ತೀರ್ಮಾನ ಮಾಡಿಕೊಳ್ಳಬೇಡಿ. ಮಾದರಿ ನಕಲು ಮಾಡಿದರೆ ಮಾತ್ರ ಇಲ್ಲಿ ಆಗಿರೋದೇ ಆಗುತ್ತದೆ. ಅಂದ ಹಾಗೆ, ಫಾರ್ಮ್‌ನಲ್ಲಿ ಶಾಲೆ, ವಿಷಯ, ಸೇವೆಯ ವರ್ಷ ಕೇಳ್ತಿದ್ದೀರಾ? ಒಂದು ಶಾಲೆಯಲ್ಲಿ ಗಣಿತಕ್ಕೆ ಒಬ್ಬರೇ ಇದ್ದರೆ ಹೆಸರು ಬೇಕಿಲ್ಲ. ಇಮೇಲ್ ತಾನಾಗಿ ದಾಖಲಾಗುವ ಸೆಟ್ಟಿಂಗ್ ಆಫ್ ಇದೆಯಾ ನೋಡಿ.

ತುಂಗಾತೀರ ಅವರ ವಿಷಯಕ್ಕೆ ಬರುತ್ತೇನೆ, ಯಾಕಂದರೆ ಇದೇ ಪ್ರಶ್ನೆ ಅಲ್ಲಿಯೂ ಇದೆ. ನಿಮ್ಮ ಅಧ್ಯಯನದ ದೊಡ್ಡ ಅಪಾಯ ಊದುವುದರಲ್ಲಿ ಇಲ್ಲ. "ಸಂಪೂರ್ಣ ಗೌಪ್ಯ" ಅಂದಿದ್ದೀರಲ್ಲ, ಅಲ್ಲಿದೆ. ಒಂದು ಭಟ್ಟಿಯಲ್ಲಿ ಕೆಲವೇ ಜನ ಇರುತ್ತಾರೆ. "ಭಟ್ಟಿ ನಂಬರ್ 7, ಹೆಣ್ಣು, 52 ವರ್ಷ, 20 ವರ್ಷದಿಂದ ಕೆಲಸ" ಅಂತ ಒಂದು ಕೋಷ್ಟಕದಲ್ಲಿ ಬಂದರೆ ಆ ಬೀದಿಯವರಿಗೆಲ್ಲ ಅದು ಯಾರು ಅಂತ ಗೊತ್ತಾಗುತ್ತದೆ. ಯಾರ ಉಸಿರಾಟ ಕಮ್ಮಿ ಇದೆ ಅಂತ ಮಾಲೀಕರಿಗೆ ತಿಳಿದರೆ ಏನಾಗುತ್ತದೆ? ಇದನ್ನು ಅರ್ಜಿಯಲ್ಲಿ ಎದುರಿಸಬೇಕು.

ಭಟ್ಟಿ ಲೇಔಟ್ ಹುಡುಗ

ಇದನ್ನು ಓದಿ ಬರೆಯಲೇಬೇಕು ಅನ್ನಿಸಿತು. ನಮ್ಮಪ್ಪ ಅವ್ವ ಇಬ್ಬರೂ ಭಟ್ಟಿಯಲ್ಲೇ ದುಡಿದವರು. ನಾನು ಅಲ್ಲೇ ಬೆಳೆದವನು, ಈಗ ಬೇರೆ ಕೆಲಸ.

ಹಿಂದೆ ಒಂದು ಸಲ ಆರೋಗ್ಯ ತಪಾಸಣೆ ಶಿಬಿರ ಮಾಡಿದ್ದರು. ಭಟ್ಟಿ ಮುಂದೆಯೇ ಟೇಬಲ್ ಹಾಕಿ, ಹೆಸರು ಕೂಗಿ ಕೂಗಿ ಚೀಟಿ ಕೊಟ್ಟರು. ಅಪ್ಪನ ಚೀಟಿಯಲ್ಲಿ ಏನೋ ಕೆಂಪು ಗೆರೆ ಇತ್ತು. ಮಾರನೇ ವಾರದಿಂದ ಅಪ್ಪನನ್ನು ಒಲೆ ಮುಂದಿನ ಕೆಲಸಕ್ಕೆ ಕರೆಯಲಿಲ್ಲ. ಚೀಲ ಹೊಲಿಯುವುದಕ್ಕೆ ಹಾಕಿದರು, ಅದಕ್ಕೆ ಕೂಲಿ ಕಮ್ಮಿ. ಒಳ್ಳೇದಕ್ಕೇ ಮಾಡಿದರು ಅಂತ ಕೆಲವರು ಅಂದರು. ಮನೆಯಲ್ಲಿ ದುಡ್ಡು ಕಮ್ಮಿಯಾಗಿದ್ದು ಮಾತ್ರ ನಿಜ. ಆಮೇಲೆ ಯಾವ ಶಿಬಿರ ಬಂದರೂ ನಮ್ಮ ಓಣಿಯವರು ಹೋಗಲಿಲ್ಲ.

ಇನ್ನೊಂದು ವಿಷಯ ಡಾಕ್ಟ್ರೇ. ಭಟ್ಟಿಯಲ್ಲಿ ಕೆಲಸ ಅಂದರೆ ಕಾದ ಮರಳಲ್ಲಿ ಅಕ್ಕಿ ಹುರಿಯೋದು. ಉರಿ ಪಕ್ಕದಲ್ಲೇ ನಿಂತಿರಬೇಕು. ನೀವು ಊದಿಸಿ ತಲೆಸುತ್ತು ಬರಿಸಿ, ಕೈ ನಡುಗೋ ಔಷಧಿ ಕೊಟ್ಟು, ಸೀದಾ ಒಲೆ ಮುಂದೆ ಕಳಿಸಿದರೆ? ಆಸ್ಪತ್ರೆಯಲ್ಲಾದರೆ ಮನೆಗೆ ಹೋಗಿ ಮಲಗುತ್ತಾರೆ. ಇಲ್ಲಿ ಚೀಲದ ಲೆಕ್ಕದಲ್ಲಿ ಕೂಲಿ ಇರುವವರು ಒಂದು ನಿಮಿಷ ಕೂರಲ್ಲ.

ಊದಿ_ಊದಿ

ಅಣ್ಣ, ಇದು ನನಗೂ ಹೊಳೆದಿರಲಿಲ್ಲ. ಲ್ಯಾಬಲ್ಲಿ ಕೂತವರಿಗೆ ಮುಂದೆ ಆ ಮನುಷ್ಯ ಎಲ್ಲಿಗೆ ಹೋಗ್ತಾನೆ ಅನ್ನೋದು ಕಾಣಲ್ಲ. ಕೆಲಸ ಮುಗಿದ ಮೇಲೆ ಸಂಜೆ ಪರೀಕ್ಷೆ ಮಾಡೋದೇ ಸರಿ. ಆಗದಿದ್ದರೆ ಕೊನೆಯ ಊದಿನ ಮೇಲೆ ಅರ್ಧ ಗಂಟೆ ಕೂರಿಸಿ, ನಡುಕ ಇಳಿದಿದೆಯಾ ನೋಡಿ ಕಳಿಸಬೇಕು.

ಹರಿಹರದವ

ಜವಾಬ್ದಾರಿ ಸಾಲಿನ ವಿಷಯ ಒಪ್ಪಿದೆ, ತೆಗೆಯಿರಿ. ಆದರೆ ಈಗ ನೀವೆಲ್ಲ ಸೇರಿ ಕನಿಷ್ಠ ಅಪಾಯದ ಅಧ್ಯಯನವನ್ನು ದೊಡ್ಡದು ಮಾಡುತ್ತಿದ್ದೀರಿ. ಇಷ್ಟೆಲ್ಲ ಬರೆದರೆ ಕಮಿಟಿಯವರು ವರ್ಗವನ್ನೇ ಮೇಲಕ್ಕೆ ಏರಿಸುತ್ತಾರೆ. ಆಮೇಲೆ ಪೂರ್ಣ ಕಮಿಟಿ ಮುಂದೆ ಹೋಗಬೇಕು, ತಿಂಗಳು ಜಾಸ್ತಿ ಆಗುತ್ತದೆ. ಪಿಜಿಯವರಿಗೆ ಟೈಮ್ ಎಲ್ಲಿದೆ?

ಕೋಟೆಊರಿನ ಮೇಷ್ಟ್ರು

ಟೈಮಿನ ಕಷ್ಟ ಗೊತ್ತು. ಆದರೆ ಅದೇ ಮಾರ್ಗಸೂಚಿಯನ್ನು ಇನ್ನೊಂದಿಷ್ಟು ಓದಿ. ಮಿನಿಮಲ್ ರಿಸ್ಕ್‌ಗಿಂತ ಸ್ವಲ್ಪ ಮೇಲಿನ ಒಂದು ಹಂತ ಇದೆ, ಲೋ ರಿಸ್ಕ್ ಅಂತ. ಸಾಮಾಜಿಕ ಅಪಾಯ, ಮಾನಸಿಕ ತೊಂದರೆಗಳೂ ಅದರಡಿ ಬರಬಹುದು ಅಂತ ಅಲ್ಲಿ ಹೇಳಿದೆ. ಇನ್ನು, ಬಡತನದಲ್ಲಿರುವವರು, ಬೇರೆಯವರ ಕೈಕೆಳಗೆ ಇದ್ದು ಬೇಡ ಅನ್ನಲು ಹೆದರುವವರು, ಇವರಿಗೆ ಹೆಚ್ಚಿನ ರಕ್ಷಣೆ ಬೇಕು ಅಂತಲೂ ಇದೆ. ಭಟ್ಟಿ ಕಾರ್ಮಿಕರು ಎರಡಕ್ಕೂ ಸೇರುತ್ತಾರೆ. ಹಾಗಾಗಿ ನನ್ನ ಪ್ರಕಾರ ಇದು ಲೋ ರಿಸ್ಕ್, ಪೂರ್ಣ ಕಮಿಟಿಗೆ ಹೋಗಬೇಕಾದ್ದೇ.

ನಮ್ಮ ಕಮಿಟಿಯಲ್ಲೇ ಇದಕ್ಕೆ ಒಮ್ಮತ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ. ಊದುವ ಪರೀಕ್ಷೆಯೊಂದನ್ನೇ ನೋಡಿ ಮಿನಿಮಲ್ ಅನ್ನುವವರು ಇದ್ದಾರೆ. ತುಂಗಾತೀರ ಅವರು ತಮಗೆ ಸರಿ ಅನ್ನಿಸಿದ ವರ್ಗ ಬರೆದು, ಯಾಕೆ ಅನ್ನೋದನ್ನು ಒಂದೆರಡು ವಾಕ್ಯದಲ್ಲಿ ಹೇಳಲಿ. ವರ್ಗ ತಪ್ಪಾದರೆ ಕಮಿಟಿ ತಿದ್ದುತ್ತದೆ. ವರ್ಗ ಕೆಳಗಿರಲಿ ಅಂತ ಅಪಾಯವನ್ನೇ ಬಚ್ಚಿಟ್ಟರೆ ಅದು ಬೇರೆ ವಿಷಯ.

ಗೌಪ್ಯತೆಗೆ ಇನ್ನೊಂದು ಮಿತಿ ಇದೆ. ಕೆಮ್ಮು ಇರುವವರನ್ನು ಆಸ್ಪತ್ರೆಗೆ ಕಳಿಸಿ, ಅಲ್ಲಿ ಕ್ಷಯ ಅಂತ ಗೊತ್ತಾದರೆ ಸರ್ಕಾರಕ್ಕೆ ತಿಳಿಸಲೇಬೇಕು. 2012ರಿಂದ ಕಡ್ಡಾಯ. "ಯಾರಿಗೂ ಹೇಳುವುದಿಲ್ಲ" ಅಂತ ಸಹಿ ಹಾಕಿಸಿಕೊಂಡು ಆಮೇಲೆ ತಿಳಿಸಿದರೆ ಮಾತು ತಪ್ಪಿದ ಹಾಗೆ ಆಗುತ್ತದೆ. ಮೊದಲೇ ಹೇಳಿ.

ತುಂಗಾತೀರ

ಎಲ್ಲರಿಗೂ ಧನ್ಯವಾದ, ಅದರಲ್ಲೂ ಭಟ್ಟಿ ಲೇಔಟ್ ಅಣ್ಣನಿಗೆ. ಗೈಡ್ ಜೊತೆ ಕೂತು ಯೋಜನೆಯನ್ನೇ ಸ್ವಲ್ಪ ಬದಲಿಸಿದ್ದೇವೆ. ಪರೀಕ್ಷೆ ಭಟ್ಟಿಯಲ್ಲಿ ಇಲ್ಲ, ನಮ್ಮ ನಗರ ಆರೋಗ್ಯ ಕೇಂದ್ರದಲ್ಲಿ, ಸಂಜೆ. ಅಲ್ಲಿಗೆ ಬೇರೆ ಕಾಯಿಲೆಯವರೂ ಬರುವುದರಿಂದ ಯಾರು ಯಾಕೆ ಬಂದರು ಅಂತ ಸುಲಭಕ್ಕೆ ಗೊತ್ತಾಗಲ್ಲ. ಭಟ್ಟಿಯ ಗುರುತನ್ನು ದಾಖಲೆಯಲ್ಲಿ ಇಡುವುದೇ ಇಲ್ಲ. ಐದಕ್ಕಿಂತ ಕಮ್ಮಿ ಜನ ಇರುವ ಗುಂಪನ್ನು ವರದಿಯಲ್ಲಿ ಬೇರೆಯಾಗಿ ತೋರಿಸುವುದಿಲ್ಲ. ಸಾಲದ ಪ್ರಶ್ನೆಯನ್ನು ತೆಗೆದೆವು, ನಮ್ಮ ಉದ್ದೇಶಕ್ಕೆ ಅದು ಬೇಕಾಗೇ ಇರಲಿಲ್ಲ.

ಭಾಗವಹಿಸುವವರಿಗೆ ಓದಿ ಹೇಳುವ ಹಾಳೆಯ ಹೊಸ ಕರಡು ಇದು:

> "ಜೋರಾಗಿ ಊದುವಾಗ ಕೆಲವರಿಗೆ ಕೆಮ್ಮು, ಸುಸ್ತು, ತಲೆಸುತ್ತು ಬರುತ್ತದೆ. ಕೂತು ಉಸಿರಾಡಿದರೆ ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಹೋಗುತ್ತದೆ. ಅಪರೂಪಕ್ಕೆ ಯಾರಿಗಾದರೂ ಪ್ರಜ್ಞೆ ತಪ್ಪಬಹುದು. ಅದಕ್ಕಾಗಿ ಕುರ್ಚಿಯಲ್ಲಿ ಕೂರಿಸಿಯೇ ಪರೀಕ್ಷೆ ಮಾಡುತ್ತೇವೆ, ಡಾಕ್ಟರ್ ಹತ್ತಿರ ಇರುತ್ತಾರೆ. ಸಾಕು ಅಂದರೆ ತಕ್ಷಣ ನಿಲ್ಲಿಸುತ್ತೇವೆ. ಊದುವಾಗ ಕೆಲವರಿಗೆ ಸ್ವಲ್ಪ ಮೂತ್ರ ಹೋಗಬಹುದು, ಮೊದಲೇ ಶೌಚಾಲಯಕ್ಕೆ ಹೋಗಿ ಬನ್ನಿ.
>
> ನಾವು ಸೇದಲು ಕೊಡುವ ಔಷಧಿಯಿಂದ ಕೆಲವರಿಗೆ ಸ್ವಲ್ಪ ಹೊತ್ತು ಕೈ ನಡುಗುತ್ತದೆ, ಎದೆ ಬಡಿತ ಜೋರಾಗುತ್ತದೆ. ಆದ್ದರಿಂದ ಪರೀಕ್ಷೆ ಮುಗಿದ ಮೇಲೆ ಅರ್ಧ ಗಂಟೆ ಇಲ್ಲೇ ಕೂರಬೇಕು. ಆ ದಿನ ಮತ್ತೆ ಒಲೆ ಮುಂದೆ ಕೆಲಸ ಮಾಡಬೇಡಿ.
>
> ಇತ್ತೀಚೆಗೆ ಹೃದಯಾಘಾತ ಅಥವಾ ಆಪರೇಷನ್ ಆಗಿದ್ದರೆ, ಕಫದಲ್ಲಿ ರಕ್ತ ಬರುತ್ತಿದ್ದರೆ ಊದುವುದು ಅಪಾಯ. ದಯವಿಟ್ಟು ಮೊದಲೇ ಹೇಳಿ, ನಿಮಗೆ ಈ ಪರೀಕ್ಷೆ ಮಾಡುವುದಿಲ್ಲ.
>
> ನಿಮ್ಮ ಫಲಿತಾಂಶವನ್ನು ನಿಮ್ಮ ಕೈಗೆ ಮಾತ್ರ ಕೊಡುತ್ತೇವೆ. ಮಾಲೀಕರಿಗೆ ಕೊಡುವುದಿಲ್ಲ, ಅವರು ಕೇಳಿದರೂ ಕೊಡುವುದಿಲ್ಲ. ಆದರೆ ನೀವು ಇಲ್ಲಿಗೆ ಬಂದದ್ದನ್ನು ಯಾರಾದರೂ ನೋಡಬಹುದು, ಅದನ್ನು ನಾವು ಪೂರ್ತಿ ತಡೆಯಲು ಆಗುವುದಿಲ್ಲ. ಮಾಲೀಕರಿಗೆ ತಿಳಿದರೆ ನಿಮ್ಮ ಕೆಲಸದ ಬಗ್ಗೆ ಪ್ರಶ್ನೆ ಬರಬಹುದು. ಮುಂದಿನ ತಪಾಸಣೆಯಲ್ಲಿ ಕ್ಷಯ ಕಂಡುಬಂದರೆ ಕಾನೂನಿನಂತೆ ಆರೋಗ್ಯ ಇಲಾಖೆಗೆ ತಿಳಿಸಬೇಕಾಗುತ್ತದೆ.
>
> ಉಸಿರಾಟ ಕಮ್ಮಿ ಇದೆ ಅಂತ ಗೊತ್ತಾದರೆ ಚಿಂತೆಯಾಗುವುದು ಸಹಜ. ಅಂಥವರಿಗೆ ಅರ್ಥವಾಗುವಂತೆ ತಿಳಿಸಿ, ಚಿಗಟೇರಿ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತೇವೆ. ಈ ಪರೀಕ್ಷೆಯಿಂದ ನಿಮಗೆ ತೊಂದರೆಯಾದರೆ ಚಿಕಿತ್ಸೆಯ ಖರ್ಚು ನಮ್ಮದು."

ಶ್ವಾಸಕೋಶಕ್ಕೆ ತೂತು ಬೀಳುವುದನ್ನು ಈ ಹಾಳೆಯಲ್ಲಿ ಬರೆದಿಲ್ಲ. ಅರ್ಜಿಯಲ್ಲಿ ಬರೆದಿದ್ದೇವೆ: ಬಹಳ ಅಪರೂಪ, ಮೊದಲು ಒಮ್ಮೆ ಆಗಿದ್ದವರನ್ನು ಸೇರಿಸುವುದಿಲ್ಲ ಅಂತ. ಇದು ಸರಿಯಾ?

ಊದಿ_ಊದಿ

"ಕೆಲವರಿಗೆ", "ಅಪರೂಪಕ್ಕೆ" ಅಂತ ಬರೆದಿದ್ದೀರಿ. ನೂರರಲ್ಲಿ ಇಷ್ಟು ಅಂತ ಅಂಕಿ ಹಾಕಿದರೆ ಇನ್ನೂ ಚೆನ್ನಾಗಿರಲ್ವಾ? ಔಷಧಿ ಡಬ್ಬಿಯೊಳಗಿನ ಕಾಗದದಲ್ಲಿ ಹಾಗೆ ಇರುತ್ತದಲ್ಲ.

ಕೋಟೆಊರಿನ ಮೇಷ್ಟ್ರು

ಯುರೋಪಿನ ಔಷಧಿ ಕಾಗದಗಳಲ್ಲಿ ಅದಕ್ಕೆ ಲೆಕ್ಕ ಇದೆ. ಸಾವಿರದಲ್ಲಿ ಒಬ್ಬರಿಗಿಂತ ಕಮ್ಮಿ, ಹತ್ತು ಸಾವಿರದಲ್ಲಿ ಒಬ್ಬರಿಗಾದರೂ ಆಗುವುದನ್ನು ಅಪರೂಪ ಅನ್ನುತ್ತಾರೆ. ಆದರೆ ಓದುವವರು ಆ ಪದಗಳನ್ನು ಅದಕ್ಕಿಂತ ಎಷ್ಟೋ ಜಾಸ್ತಿ ಅಂತ ಅಂದುಕೊಳ್ಳುತ್ತಾರೆ ಅನ್ನೋದು ಅಧ್ಯಯನಗಳಲ್ಲೇ ಕಂಡಿದೆ. ಹಾಗಾಗಿ ಅಂಕಿ ಇದ್ದರೆ ಒಳ್ಳೆಯದು. ಆದರೆ ಅದು ಇಂಥ ಜನರ ಮೇಲೆ ನಡೆದ ಅಧ್ಯಯನದ್ದಾಗಿರಬೇಕು. ಒಪಿಡಿಗೆ ಬರುವ ರೋಗಿಗಳ ಅಂಕಿಯನ್ನು ಭಟ್ಟಿ ಕಾರ್ಮಿಕರಿಗೆ ಹಚ್ಚಿದರೆ ಖಚಿತವಾಗಿ ಕಾಣುತ್ತದೆ, ನಿಜ ಇರಲ್ಲ. ಅಂಥದ್ದು ಸಿಗದಿದ್ದರೆ ಈಗಿರುವ ಹಾಗೆಯೇ ಇರಲಿ. ಎಷ್ಟು ಹೊತ್ತು ಇರುತ್ತದೆ ಅಂತ ಹೇಳಿದ್ದೀರಲ್ಲ, ಜನಕ್ಕೆ ಅದೇ ಜಾಸ್ತಿ ಉಪಯೋಗ.

ತೂತಿನ ವಿಷಯ ಅರ್ಜಿಯಲ್ಲಿದ್ದರೆ ಸಾಕು ಅಂತ ನನ್ನ ಅಭಿಪ್ರಾಯ. ಆದರೆ ಒಂದು ಸಾಲು ಹಾಳೆಯಲ್ಲೂ ಬೇಕು: "ಹಿಂದೆ ಶ್ವಾಸಕೋಶದಿಂದ ಗಾಳಿ ಸೋರಿ ಆಸ್ಪತ್ರೆ ಸೇರಿದ್ದರೆ ಹೇಳಿ" ಅಂತ. ಅವರು ಹೇಳದಿದ್ದರೆ ನೀವು ಅವರನ್ನು ಬಿಡೋದು ಹೇಗೆ?

ಭಟ್ಟಿ ಲೇಔಟ್ ಹುಡುಗ

"ಕೆಲಸದ ಬಗ್ಗೆ ಪ್ರಶ್ನೆ ಬರಬಹುದು" ಅಂದರೆ ನಮ್ಮವ್ವಗೆ ಅರ್ಥ ಆಗಲ್ಲ. ಯಾರೋ ಬಂದು ಏನೋ ಕೇಳ್ತಾರೆ ಅಂದುಕೊಳ್ಳುತ್ತಾಳೆ. "ಕೆಲಸ ಬದಲಿಸಬಹುದು, ಕೂಲಿ ಕಮ್ಮಿಯಾಗಬಹುದು" ಅಂತ ಬರೆಯಿರಿ. ನಮ್ಮ ಮನೆಯಲ್ಲಿ ಆಗಿದ್ದು ಅದೇ. ಹೆದರಿಸಿದ ಹಾಗೆ ಆಗಲ್ಲ. ಅವರಿಗೆ ಗೊತ್ತಿರುವ ವಿಷಯವೇ ಅದು.

"ಒಲೆ ಮುಂದೆ ಕೆಲಸ ಮಾಡಬೇಡಿ" ಅಂತಲೂ ಇದೆ. ರಾತ್ರಿ ಪಾಳಿ ಇರುವವರ ಆ ದಿನದ ಕೂಲಿ?

ತುಂಗಾತೀರ

ಮೊದಲನೆಯದನ್ನು ನೀವು ಹೇಳಿದ ಮಾತಲ್ಲೇ ಬರೆಯುತ್ತೇನೆ ಅಣ್ಣ. ಎರಡನೆಯದಕ್ಕೆ, ರಾತ್ರಿ ಪಾಳಿಯವರಿಗೆ ರಜೆಯ ದಿನ ಬರಲು ಹೇಳುತ್ತೇವೆ. ಬಸ್ ಖರ್ಚು, ಕಳೆದುಕೊಂಡ ಹೊತ್ತಿನ ಕೂಲಿ ಕೊಡೋದಕ್ಕೆ ಬಜೆಟ್‌ನಲ್ಲಿ ಸೇರಿಸುತ್ತಿದ್ದೇವೆ. ಎಷ್ಟು ಅನ್ನೋದನ್ನು ಕಮಿಟಿ ನೋಡಬೇಕು.

ಇನ್ನೊಂದು ತೊಡಕು ಉಳಿದಿದೆ. ಕಮಿಟಿಯ ಚೆಕ್‌ಲಿಸ್ಟ್‌ನಲ್ಲಿ "ಅಧ್ಯಯನ ನಡೆಯುವ ಸ್ಥಳದ ಮಾಲೀಕರ ಅನುಮತಿ ಪತ್ರ" ಅಂತ ಇದೆ. ಅದನ್ನು ಕೇಳಲು ಹೋದರೆ ಯಾರು ಬರುತ್ತಾರೆ ಅನ್ನೋದು ಮಾಲೀಕರಿಗೆ ಮೊದಲೇ ಗೊತ್ತಾಗುತ್ತದೆ.

ಕೋಟೆಊರಿನ ಮೇಷ್ಟ್ರು

ಈಗ ನಿಮ್ಮ ಅಧ್ಯಯನ ನಡೆಯುವ ಸ್ಥಳ ಭಟ್ಟಿ ಅಲ್ಲ, ಆರೋಗ್ಯ ಕೇಂದ್ರ. ಅನುಮತಿ ಬೇಕಾಗಿರೋದು ಅಲ್ಲಿನ ವೈದ್ಯಾಧಿಕಾರಿಯದ್ದು. ಕಾರ್ಮಿಕರನ್ನು ಮನೆ ಮನೆಯಲ್ಲಿ ಭೇಟಿ ಮಾಡಿ. ಚೆಕ್‌ಲಿಸ್ಟ್‌ನ ಆ ಸಾಲಿನ ಎದುರು "ಅನ್ವಯಿಸುವುದಿಲ್ಲ" ಅಂತ ಬರೆದು ಕಾರಣ ಕೊಡಿ. ನಮ್ಮ ಕಮಿಟಿ ಒಪ್ಪುತ್ತದೆ.

ಹರಿಹರದವ

ಮನೆ ಮನೆಗೆ ಹೋದರೆ ಮಾಲೀಕರಿಗೆ ಎರಡೇ ದಿನದಲ್ಲಿ ಗೊತ್ತಾಗುತ್ತದೆ ಮೇಷ್ಟ್ರೇ. ನಮಗೆ ಹೇಳದೆ ಮಾಡ್ತಿದ್ದಾರೆ ಅಂತ ಸಿಟ್ಟಾಗಿ ಎಲ್ಲರನ್ನೂ ಹೋಗಬೇಡಿ ಅಂದರೆ? ಹೆಸರು ಕೊಡದೆ, ಇಂಥ ಅಧ್ಯಯನ ನಡೆಯುತ್ತಿದೆ ಅಂತಷ್ಟೇ ಮೊದಲೇ ತಿಳಿಸೋದು ವಾಸಿ ಅಂತ ನನಗನ್ನಿಸುತ್ತದೆ.

ಭಟ್ಟಿ ಲೇಔಟ್ ಹುಡುಗ

ಅದನ್ನು ನಾವಿಲ್ಲಿ ತೀರ್ಮಾನ ಮಾಡೋದಲ್ಲ. ಭಾನುವಾರ ನಮ್ಮ ಓಣಿಗೆ ಬನ್ನಿ ಡಾಕ್ಟ್ರೇ. ಹೆಂಗಸರು ನಾಲ್ಕೈದು ಜನರನ್ನು ಕೂರಿಸುತ್ತೇನೆ. ಆ ಹಾಳೆ ಓದಿ, ಮಾಲೀಕರಿಗೆ ಹೇಳಬೇಕಾ ಬೇಡವಾ ಅಂತ ಅವರನ್ನೇ ಕೇಳಿ.

ತುಂಗಾತೀರ

ಬರುತ್ತೇನೆ ಅಣ್ಣ. ನನ್ನ ಜೊತೆ ಓದುವ ಮೇಡಂ ಒಬ್ಬರನ್ನೂ ಕರೆತರುತ್ತೇನೆ. ಸಂಜೆ ಐದಕ್ಕೆ ಆಗುತ್ತಾ?